ಆರ್ಡರ್ ದಿಢೀರ್ ಏರಿದರೆ ಹಿಡಿಯುವುದು ಯಾರು? ಸರಾಸರಿಯ ಗೆರೆಯೋ, ಮೀಡಿಯನ್ ಗೆರೆಯೋ

ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮ ಭಾವನ ಕಾಫಿಪುಡಿ ಅಂಗಡಿ ಇದೆ. ಪುಡಿಯ ಜೊತೆಗೆ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿಯೂ ಉಂಟು. ವೆಬ್‌ಸೈಟ್‌ನಿಂದ ದಿನಕ್ಕೆ ಸುಮಾರು 40 ಆರ್ಡರ್ ಬರುತ್ತವೆ. ಲೆಕ್ಕದ ಶೀಟ್ ನೋಡಿಕೊಳ್ಳುವವನು ನಾನು. ಆರ್ಡರ್ ಸಂಖ್ಯೆ ವಿಪರೀತ ಏರಿದರೆ ಅಥವಾ ಇಳಿದರೆ ಆ ಸಾಲು ಕೆಂಪಾಗಬೇಕು, ಅಷ್ಟೇ ಕೆಲಸ. ಮೊದಲು ನಾನೂ ಎಲ್ಲರ ಹಾಗೆ ಹಿಂದಿನ 7 ದಿನದ ಸರಾಸರಿ ತೆಗೆದು, ಆಚೀಚೆ ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್ ದೂರಕ್ಕೆ ಗೆರೆ ಹಾಕಿದ್ದೆ. ಸಂಖ್ಯೆಗಳು ಸರಾಸರಿಯಿಂದ ಆಚೀಚೆ ಎಷ್ಟು ಚದುರಿವೆ ಎಂಬುದರ ಅಳತೆ ಅದು. ಒಂದು ಬುಧವಾರದಿಂದ ಶುಕ್ರವಾರದವರೆಗಿನ ಮೂರು ದಿನ ಆ ಗೆರೆಯ ಬಂಡವಾಳ ಬಯಲು ಮಾಡಿದವು.

ಅದಕ್ಕೆ ಮುಂಚೆ, ಹೋಲಿಸಲೇಬೇಕಾಗಿಲ್ಲದ ಎರಡು ದಾರಿಗಳನ್ನು ಬದಿಗಿಡೋಣ. "100 ದಾಟಿದರೆ ಹೇಳು" ಎಂಬ ಸ್ಥಿರ ಮಿತಿ ಮೊದಲನೆಯದು. ವ್ಯಾಪಾರ ಬೆಳೆದ ಹಾಗೆ ಅದನ್ನು ಕೈಯಿಂದ ಬದಲಿಸುತ್ತಾ ಕೂರಬೇಕು, ಯಾರೂ ಬದಲಿಸುವುದಿಲ್ಲ. "ನಿನ್ನೆಗಿಂತ ಎರಡು ಪಟ್ಟು ಆದರೆ ಹೇಳು" ಎನ್ನುವುದು ಎರಡನೆಯದು. ನಿನ್ನೆಯೇ ಹಾಳಾಗಿದ್ದರೆ ಇವತ್ತಿನ ಸರಿಯಾದ ಸಂಖ್ಯೆಯೂ ತಪ್ಪಾಗಿ ಕಾಣುತ್ತದೆ. ಉಳಿಯುವುದು ಸರಾಸರಿ ಮತ್ತು ಮೀಡಿಯನ್.

ಶಾಂತ ವಾರದಲ್ಲಿ ಎರಡೂ ಒಂದೇ

ಮೀಡಿಯನ್ ಅಂದರೆ ಶಾಲೆಯಲ್ಲಿ ಕಲಿತ ಮಧ್ಯಾಂಕ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತದ್ದು. ಆ ವಾರದ ನಮ್ಮ ಆರ್ಡರ್‌ಗಳು ಬುಧವಾರದಿಂದ ಮಂಗಳವಾರದವರೆಗೆ ಹೀಗಿದ್ದವು: 41, 33, 52, 40, 29, 47, 38.

ಸಾಲಾಗಿ ನಿಲ್ಲಿಸಿ: 29, 33, 38, 40, 41, 47, 52. ಮೀಡಿಯನ್ 40. ಸರಾಸರಿಯೂ 40.

ಇನ್ನು ಗೆರೆ ಎಷ್ಟು ದೂರಕ್ಕೆ ಎಳೆಯಬೇಕು? ಮೀಡಿಯನ್ ದಾರಿಯಲ್ಲಿ ಅದೇ ಕೆಲಸವನ್ನು ಇನ್ನೊಮ್ಮೆ ಮಾಡುವುದು. ಪ್ರತಿ ದಿನವೂ 40ರಿಂದ ಎಷ್ಟು ದೂರ ಇದೆ ನೋಡಿ: 1, 7, 12, 0, 11, 7, 2. ಜಾಸ್ತಿಯೋ ಕಡಿಮೆಯೋ ಬೇಡ, ದೂರ ಮಾತ್ರ ಸಾಕು. ಈ ದೂರಗಳ ಮೀಡಿಯನ್ 7. ಇದಕ್ಕೆ ಎಂಎಡಿ ಅನ್ನುತ್ತಾರೆ. ಇದನ್ನು 1.4826ರಿಂದ ಗುಣಿಸಿದರೆ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಅಳತೆಗೆ ಬರುತ್ತದೆ. ಸಂಖ್ಯೆಗಳು ಗಂಟೆಯಾಕಾರದಲ್ಲಿ ಹರಡಿದ್ದರೆ ಎರಡೂ ಹೊಂದಲಿ ಎಂದು ಇಟ್ಟ ಗುಣಕ ಅದು. ನಮ್ಮ ಲೆಕ್ಕದಲ್ಲಿ 7 × 1.4826 ಅಂದರೆ ಸುಮಾರು 10.4. ಅದರ ಮೂರು ಪಟ್ಟು 31. ಹಾಗಾಗಿ ಕೆಳಗೆರೆ 9, ಮೇಲ್ಗೆರೆ 71.

ಸರಾಸರಿ ದಾರಿಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ 7.8, ಮೂರು ಪಟ್ಟು 23.5. ಕೆಳಗೆರೆ 16.5, ಮೇಲ್ಗೆರೆ 63.5.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಈ ವಾರದಲ್ಲಿ ಸರಾಸರಿಯ ಗೆರೆಯೇ ಬಿಗಿಯಾಗಿದೆ. ಮಾರನೇ ದಿನ 67 ಆರ್ಡರ್ ಬಂದರೆ ಅದು ಹಿಡಿಯುತ್ತದೆ, ಮೀಡಿಯನ್ ಬಿಡುತ್ತದೆ. ದಾಖಲೆ ಶುದ್ಧವಾಗಿದ್ದು, ಹಿಂದಿನ ದಿನಗಳಲ್ಲಿ ಯಾವ ಎಡವಟ್ಟೂ ಇಲ್ಲ ಎಂದು ಖಾತ್ರಿ ಇದ್ದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಪ್ರತಿ ಸಂಖ್ಯೆಯಿಂದಲೂ ಹೆಚ್ಚು ಮಾಹಿತಿ ಹಿಂಡುತ್ತದೆ. ಆದರೆ ಎಡವಟ್ಟು ಹುಡುಕಲೆಂದೇ ಗೆರೆ ಎಳೆಯುವವರಿಗೆ ಆ ಖಾತ್ರಿ ಎಲ್ಲಿಂದ ಬರಬೇಕು, ಅಲ್ವಾ?

ಆ ಮೂರು ದಿನ

ಎಂಟನೇ ದಿನ, ಬುಧವಾರ, 172 ಆರ್ಡರ್. ಶೀಟ್ ಕೆಂಪಾಯಿತು. ತೆಗೆದು ನೋಡಿದರೆ 172 ಸಾಲುಗಳಲ್ಲಿ ಬೇರೆ ಬೇರೆ ಪಾವತಿ ಸಂಖ್ಯೆ ಇದ್ದದ್ದು 43 ಮಾತ್ರ. "ಹಣ ಬಂತು" ಎಂಬ ಸಂದೇಶವನ್ನು ಪಾವತಿ ಸೇವೆ ನಮ್ಮ ಸೈಟಿಗೆ ಕಳಿಸುತ್ತದೆ. ಸೈಟ್ ಬೇಗ ಉತ್ತರ ಕೊಡದಿದ್ದರೆ ಮತ್ತೆ ಕಳಿಸುತ್ತದೆ. ನಮ್ಮ ಸೈಟ್ ಪ್ರತಿ ಸಂದೇಶಕ್ಕೂ ಹೊಸ ಆರ್ಡರ್ ಹುಟ್ಟಿಸುತ್ತಿತ್ತು. ಒಂದೊಂದು ಆರ್ಡರ್ ನಾಲ್ಕು ಸಲ ದಾಖಲಾಗಿತ್ತು. ಸೈಟ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿದೆವು, "ಸರಿ ಮಾಡಿದೆ ಅಣ್ಣ" ಎಂದ.

ಗುರುವಾರ 86. ಶೀಟ್ ಕೆಂಪಾಗಲಿಲ್ಲ. ಭಾವ ಖುಷಿಯಿಂದ ಅಷ್ಟನ್ನೂ ಪ್ಯಾಕ್ ಮಾಡಿಸಿ ಕೊರಿಯರ್‌ಗೆ ಕೊಟ್ಟರು. ನಿಜವಾದ ಆರ್ಡರ್ ಅಂದೂ 43. ದುರಸ್ತಿ ಅರ್ಧ ಆಗಿತ್ತು, ನಾಲ್ಕರ ಬದಲು ಎರಡು ಸಲ ದಾಖಲಾಗುತ್ತಿತ್ತು.

ಶುಕ್ರವಾರ 4. ಆಗಲೂ ಶೀಟ್ ತೆಪ್ಪಗಿತ್ತು. ಎರಡನೇ ದುರಸ್ತಿಯಲ್ಲಿ ಹುಡುಗ ಆನ್‌ಲೈನ್ ಪಾವತಿಯ ಆರ್ಡರ್ ಯಾವುದೂ ದಾಖಲಾಗದಂತೆ ಮಾಡಿಬಿಟ್ಟಿದ್ದ. ಬಂದ ನಾಲ್ಕೂ ಕ್ಯಾಶ್ ಆನ್ ಡೆಲಿವರಿ.

ಶೀಟ್ ಯಾಕೆ ಸುಮ್ಮನಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ. ಗುರುವಾರದ ಹಿಂದಿನ 7 ದಿನ ಎಂದರೆ 33, 52, 40, 29, 47, 38, 172. ಸರಾಸರಿ 58.7ಕ್ಕೆ ಜಿಗಿದಿದೆ. ಅದಕ್ಕಿಂತ ಕೆಟ್ಟದ್ದು ಎಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 7.8 ಇದ್ದದ್ದು 50.6 ಆಗಿದೆ. ದೂರಗಳನ್ನು ವರ್ಗ ಮಾಡಿ ಕೂಡಿಸುವುದರಿಂದ 172 ಒಂದೇ ಉಳಿದ ಆರನ್ನೂ ಮುಳುಗಿಸಿಬಿಡುತ್ತದೆ. ಮೀಡಿಯನ್ ಕಡೆ ನೋಡಿದರೆ ಸಾಲು 29, 33, 38, 40, 47, 52, 172. ನಡುವೆ ನಿಂತದ್ದು ಈಗಲೂ 40. ದೂರಗಳು 0, 2, 7, 7, 11, 12, 132. ನಡುವಿನದು ಈಗಲೂ 7. ಆ 172ರ ಜಾಗದಲ್ಲಿ 1,720 ಇದ್ದರೂ ಗೆರೆ ಕದಲುತ್ತಿರಲಿಲ್ಲ.

| ದಿನ | ಆರ್ಡರ್ | ಸರಾಸರಿಯ ಗೆರೆಗಳು | ಮೀಡಿಯನ್ ಗೆರೆಗಳು |
|---|---|---|---|
| ಬುಧ | 172 | 16.5 – 63.5, ಹಿಡಿಯಿತು | 9 – 71, ಹಿಡಿಯಿತು |
| ಗುರು | 86 | −93 – 210, ಬಿಟ್ಟಿತು | 9 – 71, ಹಿಡಿಯಿತು |
| ಶುಕ್ರ | 4 | −84 – 216, ಬಿಟ್ಟಿತು | 7 – 87, ಹಿಡಿಯಿತು |

ಸರಾಸರಿಯ ಕೆಳಗೆರೆ ಸೊನ್ನೆಗಿಂತ ಕೆಳಗೆ ಹೋಗಿದೆ ನೋಡಿ. ಅಂಗಡಿ ಬಾಗಿಲು ಹಾಕಿದರೂ ಅದು ಕೂಗುವುದಿಲ್ಲ. ಆ 172 ಹಿಂದಿನ 7 ದಿನಗಳಿಂದ ಹೊರಬೀಳುವವರೆಗೆ, ಅಂದರೆ ಇಡೀ ಒಂದು ವಾರ, ಶೀಟ್ ಕುರುಡಾಗಿತ್ತು. ನಿಮ್ಮ ಶೀಟ್‌ನಲ್ಲೂ ಈ ರೋಗ ಇದೆಯೇ ಎಂದು ತಿಳಿಯಲು ಇದೇ ಗುರುತು: ಒಂದು ದೊಡ್ಡ ಏರಿಕೆಯ ನಂತರ ಕೆಳಗೆರೆ ಸೊನ್ನೆಯ ಕೆಳಕ್ಕೆ ಧುಮುಕುತ್ತದೆ.

ಇವತ್ತಿನ ಸಂಖ್ಯೆಯನ್ನು ಲೆಕ್ಕದೊಳಗೆ ಸೇರಿಸಬೇಡಿ

ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಚಿಕ್ಕದಲ್ಲ. ಎಷ್ಟೋ ಜನ ಇವತ್ತಿನ ದಿನವನ್ನೂ ಸೇರಿಸಿಯೇ 7 ದಿನದ ಸರಾಸರಿ ತೆಗೆಯುತ್ತಾರೆ. ಹಾಗೆ ಮಾಡಿದರೆ ಇವತ್ತಿನ ಏರಿಕೆ ತನ್ನನ್ನು ಅಳೆಯುವ ಕೋಲನ್ನೇ ಉದ್ದ ಮಾಡಿಕೊಳ್ಳುತ್ತದೆ. `n` ಸಂಖ್ಯೆಗಳ ಗುಂಪಿನೊಳಗಿನ ಒಂದು ಸಂಖ್ಯೆ, ಆ ಗುಂಪಿನ ಸರಾಸರಿಯಿಂದ ಗರಿಷ್ಠ ಎಂದರೆ `(n-1)/√n` ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ಮಾತ್ರ ದೂರ ಹೋಗಬಲ್ಲದು. 7 ದಿನಕ್ಕೆ ಇದು 2.27. ನೀವು ಗೆರೆಯನ್ನು 3ರಲ್ಲಿ ಹಾಕಿದ್ದರೆ ಒಂದು ಲಕ್ಷ ಆರ್ಡರ್ ಬಂದರೂ ಆ ಗೆರೆ ದಾಟುವುದಿಲ್ಲ. 10 ದಿನಕ್ಕೂ 2.85 ಅಷ್ಟೇ. 11 ದಿನ ಆದ ಮೇಲೆಯೇ 3 ದಾಟಲು ಜಾಗ ಸಿಗುವುದು. ಮೀಡಿಯನ್‌ಗೆ ಇಷ್ಟು ದೊಡ್ಡ ಪೆಟ್ಟು ಬೀಳುವುದಿಲ್ಲ. ಆದರೂ ಹಿಂದಿನ ದಿನಗಳನ್ನಷ್ಟೇ ನೋಡುವುದು ಎರಡಕ್ಕೂ ಸರಿ.

ಗೂಗಲ್ ಶೀಟ್ಸ್‌ನಲ್ಲಿ ಹೀಗೆ. ಮೊದಲ ಸಾಲು ತಲೆಬರಹ, ಆರ್ಡರ್‌ಗಳು `B` ಕಾಲಂನಲ್ಲಿ, ಎಂಟನೇ ದಿನ 9ನೇ ಸಾಲಿನಲ್ಲಿ ಎಂದುಕೊಳ್ಳಿ:

```
C9: =MEDIAN(B2:B8)
D9: =ARRAYFORMULA(MEDIAN(ABS(B2:B8-C9)))
E9: =C9+3*MAX(1.4826*D9, SQRT(C9))
F9: =C9-3*MAX(1.4826*D9, SQRT(C9))
```

`E` ಮೇಲ್ಗೆರೆ, `F` ಕೆಳಗೆರೆ. ನಡುವೆ `SQRT` ಯಾಕೆ ಬಂತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಪೈಥಾನ್ ಬಳಸುವವರಿಗೆ ಕೆಳಗಿನದು, ಇಲ್ಲಿ `s` ಎಂದರೆ ತಾರೀಖಿನ ಪ್ರಕಾರ ಜೋಡಿಸಿದ ದಿನವಾರು ಆರ್ಡರ್‌ಗಳ `pandas` ಸರಣಿ:

```python
import numpy as np

s = s.asfreq("D", fill_value=0)
r = s.shift(1).rolling(21, min_periods=14)
med = r.median()
mad = r.apply(lambda x: np.nanmedian(
    np.abs(x - np.nanmedian(x))), raw=True)
half = 3 * np.maximum(1.4826 * mad, np.sqrt(med))
flag = (s > med + half) | (s < med - half)
```

`asfreq` ಸಾಲು ಮರೆತರೆ ಒಂದು ಮೋಸ ಆಗುತ್ತದೆ. ಆರ್ಡರ್ ಪಟ್ಟಿಯಿಂದ ದಿನವಾರು ಎಣಿಸಿದಾಗ, ಒಂದೂ ಆರ್ಡರ್ ಬಾರದ ದಿನ ಪಟ್ಟಿಯಲ್ಲೇ ಇರುವುದಿಲ್ಲ. ಸೈಟ್ ಪೂರ್ತಿ ನಿಂತ ದಿನವೇ ಲೆಕ್ಕದಿಂದ ಮಾಯವಾಗುತ್ತದೆ. ಇನ್ನೊಂದು ತಪ್ಪು ನಾನೇ ಮಾಡಿದ್ದು. `apply` ನಿಧಾನ ಎಂದು, ಪ್ರತಿ ದಿನದ ಸಂಖ್ಯೆಯಿಂದ ಆ ದಿನದ ಮೀಡಿಯನ್ ಕಳೆದು, ಆ ವ್ಯತ್ಯಾಸಗಳ ಮೇಲೆ ಮತ್ತೊಂದು ಮೀಡಿಯನ್ ಓಡಿಸಿದ್ದೆ. ಅಲ್ಲಿ ಒಂದೊಂದು ದಿನದ ದೂರವನ್ನು ಒಂದೊಂದು ನಡುವಿನಿಂದ ಅಳೆದಂತೆ ಆಯಿತು. ಎಂಎಡಿಯಲ್ಲಿ ಎಲ್ಲ ದೂರಗಳೂ ಒಂದೇ ನಡುವಿನಿಂದ ಅಳೆಯಬೇಕು. ದಿನಕ್ಕೊಂದರಂತೆ ವರ್ಷಕ್ಕೆ 365 ಸಾಲಷ್ಟೇ ಇರುವ ಅಂಗಡಿ ಲೆಕ್ಕಕ್ಕೆ `apply` ನಿಧಾನ ಆದರೇನು ಬಿಡಿ.

ಅಂದಹಾಗೆ, ಹುಡುಕಬೇಕಿದ್ದರೆ ಈ ವಿಧಾನಕ್ಕೆ ಹ್ಯಾಂಪೆಲ್ ಫಿಲ್ಟರ್ ಎಂಬ ಹೆಸರಿದೆ. ಪುಸ್ತಕಗಳಲ್ಲಿ ಅದು ಮುಂದಿನ ದಿನಗಳನ್ನೂ ಸೇರಿಸಿಕೊಂಡು ನಡುವೆ ಕೂರುತ್ತದೆ. ಹಳೇ ದಾಖಲೆ ಶುದ್ಧ ಮಾಡಲು ಅದು ಚೆನ್ನ. ಇವತ್ತು ಸಂಜೆಯೊಳಗೆ ಎಚ್ಚರಿಸಬೇಕಾದವರಿಗೆ ನಾಳೆಯ ಸಂಖ್ಯೆ ಎಲ್ಲಿಂದ ತರುವುದು?

7 ದಿನವೋ, 21 ದಿನವೋ

ಉದಾಹರಣೆಗೆ 7 ಹಿಡಿದದ್ದು ಕೈಯಲ್ಲಿ ಲೆಕ್ಕ ಮಾಡಲು ಸುಲಭ ಎಂದು. ನಿತ್ಯದ ಬಳಕೆಗೆ ನನ್ನ ಆಯ್ಕೆ 21. ಏಳೇ ಸಂಖ್ಯೆಗಳಿಂದ ತೆಗೆದ ಎಂಎಡಿ ತುಂಬಾ ಅಲ್ಲಾಡುತ್ತದೆ. ಒಂದು ವಾರ ಆಕಸ್ಮಿಕವಾಗಿ ಆರ್ಡರ್‌ಗಳು ಒಂದಕ್ಕೊಂದು ಹತ್ತಿರ ಬಿದ್ದರೆ ಗೆರೆ ಕಿರಿದಾಗಿ ಸುಮ್ನೆ ಕೂಗತೊಡಗುತ್ತದೆ. ಮೂರು ಕೆಟ್ಟ ದಿನಗಳನ್ನು ಅದು ತಡೆದುಕೊಳ್ಳುತ್ತದೆ, ನಾಲ್ಕಾದರೆ ನಡುವಿನ ಸ್ಥಾನವೇ ಕೆಟ್ಟ ದಿನದ ಪಾಲು. 21 ದಿನ ಇಟ್ಟರೆ ಹತ್ತು ಕೆಟ್ಟ ದಿನಗಳವರೆಗೆ ತಡೆಯುತ್ತದೆ. 20 ಅಥವಾ 30 ಯಾಕಲ್ಲ ಎಂದರೆ, 21 ಪೂರ್ತಿ ಮೂರು ವಾರ. ಸೋಮವಾರ, ಭಾನುವಾರ ಎಲ್ಲವೂ ಸಮನಾಗಿ ಮೂರು ಮೂರು ಸಲ ಬರುತ್ತವೆ. 30 ಇಟ್ಟರೆ ಕೆಲವು ವಾರ ಐದು ಭಾನುವಾರ ಸೇರಿಕೊಂಡು ನಡುವನ್ನು ಎಳೆಯುತ್ತವೆ.

ಇದರ ಬೆಲೆ ನಿಧಾನ. ವ್ಯಾಪಾರ ನಿಜವಾಗಿಯೇ 40ರಿಂದ 100ಕ್ಕೆ ಏರಿ ಅಲ್ಲೇ ನಿಂತರೆ, 21 ದಿನದಲ್ಲಿ ಹೊಸ ದಿನಗಳು 11 ಆಗುವವರೆಗೆ ಮೀಡಿಯನ್ ಹಳೇ ಮಟ್ಟದಲ್ಲೇ ಇರುತ್ತದೆ. ಎಂಎಡಿ ಅಷ್ಟರಲ್ಲಿ ಹಿಗ್ಗುವುದರಿಂದ ಕೂಗು ಸ್ವಲ್ಪ ಮೊದಲೇ ನಿಲ್ಲಬಹುದು, ಆದರೂ ಸುಮಾರು ಒಂದು ವಾರ ಕೆಂಪು ನೋಡುತ್ತೀರಿ. ನನಗೆ ಇದು ದೋಷ ಅನಿಸಿಲ್ಲ. ಮಟ್ಟವೇ ಬದಲಾಗಿದೆ ಎಂದು ಗೊತ್ತಾದ ದಿನ ನಾವೇ ಶೀಟ್‌ನಲ್ಲಿ ಲೆಕ್ಕದ ಆರಂಭವನ್ನು ಆ ದಿನಕ್ಕೆ ಸರಿಸುತ್ತೇವೆ.

ಮೂರು ಪಟ್ಟೋ ಎರಡು ಪಟ್ಟೋ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಗಂಟೆಯಾಕಾರದ ಹರಡುವಿಕೆಯಲ್ಲಿ ಎರಡು ಪಟ್ಟಿನ ಗೆರೆಯನ್ನು ಸುಮ್ನೆ ದಾಟುವ ದಿನಗಳು ವರ್ಷಕ್ಕೆ 16–17, ಮೂರು ಪಟ್ಟಿನದು ಒಂದು. ನಿಜವಾದ ಆರ್ಡರ್‌ಗಳು ಮೇಲಿನ ಕಡೆಗೆ ಜಾಸ್ತಿ ಚಾಚುವುದರಿಂದ ಎರಡೂ ಇನ್ನಷ್ಟು ಹೆಚ್ಚುತ್ತವೆ. ಮೂರೇ ಇಡಿ.

ಭಾನುವಾರದ ತೊಂದರೆ

ನಮ್ಮಲ್ಲಿ ಭಾನುವಾರ ಆರ್ಡರ್ ಕಡಿಮೆ. 8 ವಾರಗಳ ಭಾನುವಾರಗಳ ಮೀಡಿಯನ್ 26, ಎಲ್ಲ ದಿನಗಳ ಮೀಡಿಯನ್ 40. ಈಗ ಒಂದು ಭಾನುವಾರ 58 ಬಂತು ಎನ್ನಿ. 9ರಿಂದ 71ರ ಗೆರೆಗಳೊಳಗೇ ಇದೆ, ಯಾರೂ ಕೂಗುವುದಿಲ್ಲ. ಆದರೆ ಭಾನುವಾರಕ್ಕೆ 58 ಅಂದರೆ ಮಾಮೂಲಿಗಿಂತ ಎರಡು ಪಟ್ಟಿಗೂ ಜಾಸ್ತಿ!

ಎರಡು ದಾರಿ ಇವೆ. ಭಾನುವಾರವನ್ನು ಹಿಂದಿನ ಭಾನುವಾರಗಳ ಜೊತೆ ಮಾತ್ರ ಹೋಲಿಸುವುದು ಒಂದು. ಕೇಳಲು ಚೆಂದ, ಆದರೆ 8 ಸಂಖ್ಯೆ ಕೂಡಿಸಲು ಎರಡು ತಿಂಗಳು ಬೇಕು, ಅಷ್ಟರಲ್ಲಿ ವ್ಯಾಪಾರವೇ ಬದಲಾಗಿರುತ್ತದೆ. ನಾನು ಎರಡನೆಯದನ್ನು ಹಿಡಿದೆ. 26 ÷ 40 = 0.65 ಭಾನುವಾರದ ಗುಣಕ. ಪ್ರತಿ ಭಾನುವಾರದ ಸಂಖ್ಯೆಯನ್ನು 0.65ರಿಂದ ಭಾಗಿಸಿ, ಉಳಿದ ಆರು ದಿನಗಳಿಗೂ ಅವುಗಳದೇ ಗುಣಕದಿಂದ ಹಾಗೆಯೇ ಮಾಡಿ, ಆಮೇಲೆ ಗೆರೆ ಎಳೆಯುವುದು. 58 ÷ 0.65 = 89. ಗೆರೆ ದಾಟಿತು. ಒಂದು ಲಾಭವೂ ಉಂಟು: ವಾರದ ಏರಿಳಿತ ಹೋದ ಮೇಲೆ ಎಂಎಡಿ ಕುಗ್ಗುತ್ತದೆ, ಗೆರೆಗಳು ಬಿಗಿಯಾಗುತ್ತವೆ. ಗುಣಕಗಳನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಲೆಕ್ಕ ಹಾಕಿದರೆ ಸಾಕು.

ಹಾಸನಾಂಬೆ ಬಾಗಿಲು ತೆರೆದಾಗ

ಕಳೆದ ವರ್ಷದ ಇದೇ ದಿನದ ಜೊತೆ ಹೋಲಿಸಿದರೆ ಆಗದೇ ಎಂದು ಭಾವ ಕೇಳಿದ್ದರು. ಹಾಸನದವರಿಗೆ ಇದರ ಉತ್ತರ ಬೇಗ ಅರ್ಥವಾಗುತ್ತದೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ. 2024ರಲ್ಲಿ ಅದು ಅಕ್ಟೋಬರ್ 24ರಿಂದ ನವೆಂಬರ್ 3ರವರೆಗೆ ಇತ್ತು. 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ. ತಾರೀಖೂ ಬೇರೆ, ದಿನಗಳ ಲೆಕ್ಕವೂ ಬೇರೆ. ದರ್ಶನಕ್ಕೆ ಬಂದವರು ಪುಡಿಯ ರುಚಿ ನೋಡಿ, ಊರಿಗೆ ಹೋಗಿ ಆರ್ಡರ್ ಹಾಕುತ್ತಾರೆ. 2025ರ ಅಕ್ಟೋಬರ್ 9ನ್ನು 2024ರ ಅದೇ ತಾರೀಖಿನ ಜೊತೆ ಇಟ್ಟರೆ ಜಾತ್ರೆಯನ್ನು ಖಾಲಿ ದಿನದ ಜೊತೆ ತೂಗಿದಂತೆ.

ಇಲ್ಲಿ ಮೀಡಿಯನ್‌ಗೂ ಒಂದು ಕಷ್ಟ ಇದೆ. 15 ದಿನದ ಜನಜಂಗುಳಿ 21 ದಿನದ ಅರ್ಧಕ್ಕಿಂತ ಜಾಸ್ತಿ. ಕೊನೆಯ ದಿನಗಳ ಹೊತ್ತಿಗೆ ಹಬ್ಬದ ಮಟ್ಟವೇ ಮಾಮೂಲಿ ಎಂದು ಅದು ನಂಬುತ್ತದೆ. ಬಾಗಿಲು ಹಾಕಿ ಆರ್ಡರ್ ಮತ್ತೆ 40ಕ್ಕೆ ಬಂದಾಗ "ಕುಸಿಯಿತು" ಎಂದು ಕೂಗಬಹುದು. ಅದಕ್ಕೆ ನಮ್ಮ ಶೀಟ್‌ನಲ್ಲಿ "ಹಬ್ಬ" ಎಂಬ ಒಂದು ಕಾಲಂ ಇದೆ. ಗುರುತು ಹಾಕಿದ ದಿನಗಳು ಗೆರೆಯ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕೆ ಮುಂಚಿನ 21 ಮಾಮೂಲಿ ದಿನಗಳ ಗೆರೆಯೇ ಮುಂದುವರಿಯುತ್ತದೆ. ಆ ದಿನಗಳಲ್ಲಿ ಶೀಟ್ ಕೆಂಪಾಗೇ ಆಗುತ್ತದೆ, ಆದರೆ ಕಾರಣ ಪಕ್ಕದಲ್ಲೇ ಬರೆದಿರುತ್ತದೆ. ಹಬ್ಬದಲ್ಲೂ ಎಡವಟ್ಟು ಆಗಬಹುದಲ್ಲ, ಅದಕ್ಕೆ ಬೇರೆ ಪರೀಕ್ಷೆ: ಆನ್‌ಲೈನ್ ಆರ್ಡರ್ ಸಾಲುಗಳನ್ನು ಬೇರೆ ಬೇರೆ ಪಾವತಿ ಸಂಖ್ಯೆಗಳಿಂದ ಭಾಗಿಸಿ ನೋಡುವುದು. ಸರಿಯಿದ್ದರೆ 1. ಆ ಬುಧವಾರ 4 ಇತ್ತು.

ದಿನಕ್ಕೆ ಎರಡು ಮೂರೇ ಆರ್ಡರ್ ಇದ್ದರೆ

ಬೇಲೂರಿನಲ್ಲಿ ನಮ್ಮ ಪರಿಚಯದವರೊಬ್ಬರು ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರಿಗೂ ಇದೇ ಸೂತ್ರ ಹಾಕಿಕೊಟ್ಟೆ, ಆಗಿನ್ನೂ `SQRT` ಇರಲಿಲ್ಲ. ಅವರ ಆರ್ಡರ್‌ಗಳು 2, 2, 3, 2, 1, 2, 2. ಮೀಡಿಯನ್ 2, ದೂರಗಳಲ್ಲಿ ಐದು ಸೊನ್ನೆ, ಎಂಎಡಿಯೂ ಸೊನ್ನೆ. ಮೇಲ್ಗೆರೆ, ಕೆಳಗೆರೆ ಎರಡೂ 2ರ ಮೇಲೇ ಕೂತವು. ಮೂರನೇ ಆರ್ಡರ್ ಬಂದ ಕೂಡಲೇ ಫೋನು: "ಏನಪ್ಪಾ, ಕೆಂಪಾಗಿದೆಯಲ್ಲ?"

ಅದಕ್ಕೇ ವರ್ಗಮೂಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನ ತಮ್ಮ ಪಾಡಿಗೆ ಆರ್ಡರ್ ಹಾಕುವಾಗ, ಏನೂ ವಿಶೇಷ ಇಲ್ಲದಿದ್ದರೂ ದಿನದ ಸಂಖ್ಯೆ ಸುಮಾರು ತನ್ನ ವರ್ಗಮೂಲದಷ್ಟು ಆಚೀಚೆ ಆಗುತ್ತದೆ. ಎಂಎಡಿಯ ಅಳತೆ ಅದಕ್ಕಿಂತ ಕಿರಿದಾಗಿ ಬಂದರೆ ನಂಬಬೇಡಿ, ವರ್ಗಮೂಲವನ್ನೇ ತೆಗೆದುಕೊಳ್ಳಿ. 2ರ ವರ್ಗಮೂಲ 1.41, ಮೂರು ಪಟ್ಟು 4.2. ಮೇಲ್ಗೆರೆ 6.2 ಆಯಿತು. 7 ಆರ್ಡರ್ ಬಂದರೆ ಮಾತ್ರ ಕೆಂಪು. ನಮ್ಮ ಅಂಗಡಿಯ 40ಕ್ಕೆ ವರ್ಗಮೂಲ 6.3, ಎಂಎಡಿಯ ಅಳತೆ 10.4, ಹಾಗಾಗಿ ಅಲ್ಲಿ ಏನೂ ಬದಲಾಗಲಿಲ್ಲ.

ಕೆಳಗೆರೆ ಮಾತ್ರ ಇನ್ನೂ ಸೊನ್ನೆಯ ಕೆಳಗಿದೆ. ಮೀಡಿಯನ್ 9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವರ್ಗಮೂಲದ ಮೂರು ಪಟ್ಟು ಮೀಡಿಯನ್‌ನಷ್ಟೇ ಅಥವಾ ಅದಕ್ಕೂ ಜಾಸ್ತಿ ಆಗುತ್ತದೆ. ಅಲ್ಲಿ ಒಂದು ದಿನದ ಸೊನ್ನೆಯಿಂದ ಏನನ್ನೂ ಹೇಳಲಾಗದು. ಅವರಿಗೆ ದಿನದ ಬದಲು ವಾರದ ಮೊತ್ತ ಹಾಕಿಕೊಟ್ಟೆ. ವಾರಕ್ಕೆ 14, ವರ್ಗಮೂಲ 3.7, ಮೂರು ಪಟ್ಟು 11.2, ಕೆಳಗೆರೆ 2.8. ವಾರವಿಡೀ ಎರಡೇ ಆರ್ಡರ್ ಬಂದರೆ ಕೆಂಪಾಗುತ್ತದೆ. ಸೈಟ್ ಕೆಟ್ಟದ್ದು ಒಂದು ವಾರ ತಡವಾಗಿ ಗೊತ್ತಾದರೆ ಪರವಾಗಿಲ್ಲವೇ ಎಂದು ಕೇಳಿದೆ. "ಅಷ್ಟರೊಳಗೆ ಬೇಕಾದವರು ಮನೆಗೇ ಫೋನ್ ಮಾಡ್ತಾರೆ ಬಿಡಪ್ಪಾ" ಎಂದರು.